ಡ್ರೈವ್ ಬದಲಾಯಿಸಿದ ಮೇಲೂ ಡಿಸ್ಕ್ ಓದದ ಪಿಎಸ್4: ಒಂದು ಪ್ರಕರಣ

ಭದ್ರಾವತಿಯಿಂದ ಒಬ್ಬ ಕಾಲೇಜು ಹುಡುಗ ತನ್ನ ಪ್ಲೇಸ್ಟೇಷನ್ 4 ತಂದಿದ್ದ. ಹಿಂದಿನ ಲೇಬಲ್ ಮೇಲೆ CUH-11 ಎಂದು ಶುರುವಾಗುವ ನಂಬರ್ ಇತ್ತು. ಅಂದರೆ ಸ್ಲಿಮ್ ಬರುವುದಕ್ಕೆ ಮೊದಲಿನ ದಪ್ಪ ಮಾದರಿ. ಡಿಸ್ಕ್ ಹಾಕಿದರೆ ಒಳಗೆ ಎಳೆದುಕೊಳ್ಳುತ್ತದೆ, ತಿರುಗುವ ಸದ್ದು ಬರುತ್ತದೆ, ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ Unrecognized Disc ಎಂದು ಬರುತ್ತದೆ. ಯಾವ ಗೇಮ್ ಹಾಕಿದರೂ ಅಷ್ಟೇ. ಇದಲ್ಲದೆ ಇನ್ನೊಂದು ತೊಂದರೆಯೂ ಇತ್ತು. ಸಿಸ್ಟಂ ಸಾಫ್ಟ್‌ವೇರ್ ಅಪ್‌ಡೇಟ್ ಪ್ರತಿ ಸಲವೂ ಅರ್ಧಕ್ಕೆ ನಿಂತು ಎರರ್ ಕೊಡುತ್ತಿತ್ತು.

ಈ ಎರಡನೇ ತೊಂದರೆ ಕೇಳಿದ ತಕ್ಷಣ ನಾನು ಒಂದು ಪ್ರಶ್ನೆ ಕೇಳಿದೆ. ಇದನ್ನು ಈ ಮೊದಲು ಯಾರಾದರೂ ಬಿಚ್ಚಿದ್ದಾರಾ?

ಬಿಚ್ಚಿದ್ದರು. ಮೊದಲು ಡಿಸ್ಕ್ ಒಮ್ಮೊಮ್ಮೆ ಓದುತ್ತಿತ್ತು, ಒಮ್ಮೊಮ್ಮೆ ಓದುತ್ತಿರಲಿಲ್ಲವಂತೆ. ಅವನು ಒಂದು ಅಂಗಡಿಗೆ ಕೊಟ್ಟಿದ್ದ. ಅಲ್ಲಿ ಇನ್ನೊಂದು ಕೆಟ್ಟ ಪಿಎಸ್4ನಿಂದ ಪೂರ್ತಿ ಡ್ರೈವ್ ತೆಗೆದು ಇದಕ್ಕೆ ಕೂರಿಸಿದ್ದರು. ಆಮೇಲೆ ಒಂದು ಡಿಸ್ಕ್ ಕೂಡ ಓದಲಿಲ್ಲ. "ನಿನ್ನ ಸಿಡಿಗಳೇ ಹಾಳಾಗಿವೆ, ಇಲ್ಲಾಂದ್ರೆ ಮದರ್‌ಬೋರ್ಡ್ ಹೋಗಿದೆ" ಎಂದು ಹೇಳಿ ವಾಪಸ್ ಕೊಟ್ಟಿದ್ದರು.

"ನಿನ್ನ ಹಳೇ ಡ್ರೈವ್ ಎಲ್ಲಿದೆ?" ಎಂದು ಕೇಳಿದೆ.

"ಮನೇಲಿದೆ ಅಣ್ಣ. ಅಮ್ಮ ನಮ್ಮ ಸಾಮಾನು ವಾಪಸ್ ಇಸ್ಕೊಂಡು ಬಾ ಅಂದಿದ್ರು, ಇಸ್ಕೊಂಡು ಬಂದಿದ್ದೆ."

ಈ ರಿಪೇರಿಯ ಹಣೆಬರಹ ಆ ಹಳೇ ಡ್ರೈವ್ ಮೇಲೆ ನಿಂತಿತ್ತು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪಿಎಸ್4 ಡ್ರೈವ್ ಹೊರಗಿನಿಂದ ನೋಡಿದರೆ ಒಂದೇ ತಗಡಿನ ಡಬ್ಬಿ. ಆದರೆ ಈ ಮಾದರಿಯಲ್ಲಿ ಅದರೊಳಗೆ ಎರಡು ಬೇರೆ ಬೇರೆ ಭಾಗಗಳಿವೆ. ಒಂದು ಯಾಂತ್ರಿಕ ಭಾಗ. ಡಿಸ್ಕ್ ಎಳೆಯುವ ರೋಲರ್, ತಿರುಗಿಸುವ ಮೋಟಾರ್, ಹಿಂದೆ ಮುಂದೆ ಓಡುವ ಲೇಸರ್, ಅದು ಓಡುವ ಕಂಬಿ, ಇವೆಲ್ಲ ಇದರಲ್ಲಿ ಬರುತ್ತವೆ. ಇನ್ನೊಂದು, ಡ್ರೈವ್‌ನ ಒಳಗಿರುವ ಹಸಿರು ಬೋರ್ಡ್. ಅದರ ಮೇಲೆ BDP- ಎಂದು ಶುರುವಾಗುವ ನಂಬರ್ ಅಚ್ಚಾಗಿರುತ್ತದೆ. ಕಾರ್ಖಾನೆಯಲ್ಲೇ ಈ ಬೋರ್ಡನ್ನು ಆ ಒಂದು ಕನ್ಸೋಲ್‌ನ ಮದರ್‌ಬೋರ್ಡ್ ಜೊತೆ ಜೋಡಿ ಮಾಡಿರುತ್ತಾರೆ. ಎರಡೂ ಪರಸ್ಪರ ಗುರುತು ಹಿಡಿದರೆ ಮಾತ್ರ ಗೇಮ್ ಡಿಸ್ಕ್ ಓಡುತ್ತದೆ. ಬೇರೆ ಪಿಎಸ್4ನ ಬೋರ್ಡ್ ಹಾಕಿದರೆ, ಅದು ಎಷ್ಟೇ ಚೆನ್ನಾಗಿದ್ದರೂ, ಅದೇ ಮಾದರಿಯದ್ದೇ ಆಗಿದ್ದರೂ, ಗೇಮ್ ಓಡುವುದಿಲ್ಲ. ಡಿಸ್ಕ್ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅಷ್ಟೇ. ಸಿಸ್ಟಂ ಅಪ್‌ಡೇಟ್ ಕೂಡ ಆಗುವುದಿಲ್ಲ, ಯಾಕೆಂದರೆ ಅಪ್‌ಡೇಟ್ ನಡೆಯುವಾಗ ಕನ್ಸೋಲ್ ಈ ಬೋರ್ಡ್ ಜೊತೆಗೂ ಮಾತಾಡುತ್ತದೆ.

ಲೇಸರ್‌ಗೆ ಆಗಲಿ, ಮೋಟಾರ್‌ಗೆ ಆಗಲಿ ಈ ಜೋಡಿಯ ಕಟ್ಟು ಇಲ್ಲ. ಅವನ್ನು ಇದೇ ಮಾದರಿಯ ಯಾವ ಕನ್ಸೋಲ್‌ನಿಂದ ಬೇಕಾದರೂ ತರಬಹುದು. ಬೋರ್ಡ್ ಮಾತ್ರ ಅದರದ್ದೇ ಆಗಿರಬೇಕು. ಆ ಅಂಗಡಿಯವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಪ್ರಯತ್ನ ಮಾಡಿದರೋ ಹೇಳಲಾರೆ. ಆದರೆ ಲಕ್ಷಣ ಸ್ಪಷ್ಟವಾಗಿತ್ತು. ಡ್ರೈವ್ ಬದಲಾಯಿಸಿದ ದಿನದಿಂದಲೇ ಒಂದು ಡಿಸ್ಕ್ ಕೂಡ ಓದದೆ, ಅಪ್‌ಡೇಟ್ ಕೂಡ ನಿಂತಿದ್ದರೆ, ಮೊದಲು ಅನುಮಾನಪಡಬೇಕಾದದ್ದು ಬೋರ್ಡ್ ಮೇಲೆ.

ಹುಡುಗ ಮನೆಗೆ ಹೋಗಿ ಹಳೇ ಡ್ರೈವ್ ತರುವಷ್ಟರಲ್ಲಿ ಕುಳಿತು ಲೆಕ್ಕ ಹಾಕಿದೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಈ ಲೆಕ್ಕ ಆಗಬೇಕು ಅನ್ನುವುದು ನನ್ನ ಪಟ್ಟು. ಬಿಚ್ಚಿದ ಮೇಲೆ ಯಾರಿಗೂ ನಿಲ್ಲಿಸುವ ಮನಸ್ಸು ಬರುವುದಿಲ್ಲ.

ಅವನ ಬಳಿ 9 ಗೇಮ್ ಡಿಸ್ಕ್‌ಗಳಿದ್ದವು. ಮಾರಿದರೆ ಒಂದಕ್ಕೆ ಸುಮಾರು 700 ರೂಪಾಯಿ ಬರುತ್ತದೆ ಎಂದು ಅವನೇ ವಿಚಾರಿಸಿದ್ದ. ಒಟ್ಟು 6,000 ರೂಪಾಯಿಯ ಮೇಲಾಯಿತು. ಗೇಮ್ ಹಾರ್ಡ್ ಡಿಸ್ಕ್‌ಗೆ ಒಮ್ಮೆ ಇನ್‌ಸ್ಟಾಲ್ ಆದರೆ ಡಿಸ್ಕ್ ಬೇಕಾಗಿಲ್ಲ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಡಿಸ್ಕ್‌ನಿಂದ ಹಾಕಿದ ಗೇಮ್ ಪ್ರತಿ ಸಲ ಶುರುವಾಗುವಾಗಲೂ ಡ್ರೈವ್‌ನಲ್ಲಿ ಡಿಸ್ಕ್ ಇರಲೇಬೇಕು, ಅದನ್ನು ಡ್ರೈವ್ ಓದಲೇಬೇಕು. ಹಾಗಾಗಿ ಡ್ರೈವ್ ಸತ್ತರೆ ಆ 9 ಗೇಮ್‌ಗಳೂ ಅವನ ಪಾಲಿಗೆ ಸತ್ತಂತೆ. ಇದೇ ಮಾದರಿಯ ಹಳೇ ಕನ್ಸೋಲ್‌ಗೆ ಅವನಿಗೆ ಹೇಳಿದ್ದ ಬೆಲೆ 13,000. ಹಳೇ ಸ್ಲಿಮ್‌ಗೆ 16,000.

ಇನ್ನೊಂದು ಕಡೆ ರಿಪೇರಿಯ ಖರ್ಚು. ಹಳೇ ಬೋರ್ಡ್ ಜೀವಂತ ಇದ್ದರೆ, ಬೇಕಾಗುವುದು ಹೆಚ್ಚೆಂದರೆ ಹೊಸ ಲೇಸರ್. ಕಂಬಿ, ಮೋಟಾರ್ ಸಮೇತ ಬರುವ ಪೂರ್ತಿ ಡೆಕ್ ತರಿಸಿದರೆ ಆಗ ನನಗೆ ಸಿಕ್ಕ ದರ 2,200. ಕೂಲಿ 800. ಒಟ್ಟು 3,000. ಇದು ಮಾಡಬಹುದಾದ ರಿಪೇರಿ.

ಹಳೇ ಬೋರ್ಡ್ ಕಳೆದಿದ್ದರೆ ಅಥವಾ ಸುಟ್ಟಿದ್ದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಮದರ್‌ಬೋರ್ಡ್ ಮತ್ತು ಡ್ರೈವ್ ಬೋರ್ಡ್ ಎರಡನ್ನೂ ಒಂದೇ ಕನ್ಸೋಲ್‌ನಿಂದ ಜೋಡಿಯಾಗಿ ತರಬೇಕು. ಮದರ್‌ಬೋರ್ಡ್ ಬದಲಾದರೆ ಹಾರ್ಡ್ ಡಿಸ್ಕ್ ಮತ್ತೆ ಫಾರ್ಮ್ಯಾಟ್ ಆಗಬೇಕು, ಯಾಕೆಂದರೆ ಅದರ ಬೀಗದ ಕೀಲಿ ಹಳೇ ಮದರ್‌ಬೋರ್ಡ್‌ನಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಮಾಡುವುದಕ್ಕಿಂತ ಇನ್ನೊಂದು ಹಳೇ ಕನ್ಸೋಲ್ ಕೊಳ್ಳುವುದೇ ಮೇಲು. "ಡಿಸ್ಕ್ ಬೇಡ, ಡೌನ್‌ಲೋಡ್ ಮಾಡಿಯೇ ಆಡ್ತೀನಿ" ಎನ್ನುವ ದಾರಿಯೂ ಅಲ್ಲಿ ಮುಚ್ಚಿರುತ್ತದೆ. ಲೇಸರ್ ಮಾತ್ರ ಸತ್ತು ಬೋರ್ಡ್ ಬದುಕಿದ್ದರೆ ಅಪ್‌ಡೇಟ್ ಸಾಮಾನ್ಯವಾಗಿ ಆಗುತ್ತದೆ, ಡೌನ್‌ಲೋಡ್ ಗೇಮ್ ಆಡಿಕೊಂಡಿರಬಹುದು. ಬೋರ್ಡೇ ಇಲ್ಲದಿದ್ದರೆ ಅಪ್‌ಡೇಟ್ ಇಲ್ಲ, ಹೊಸ ಅಪ್‌ಡೇಟ್ ಇಲ್ಲದೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಪ್ರವೇಶ ಇಲ್ಲ. ಅಲ್ಲಿಗೆ ಸ್ಟೋರ್ ಕೂಡ ಇಲ್ಲ.

ಹುಡುಗ ಡ್ರೈವ್ ತಂದ. ತಗಡು ಬಿಚ್ಚಿ ನೋಡಿದರೆ ಬೋರ್ಡ್ ಅಲ್ಲೇ ಇತ್ತು, ಕಮಟು ವಾಸನೆ ಇರಲಿಲ್ಲ, ಕನೆಕ್ಟರ್‌ಗಳು ಮುರಿದಿರಲಿಲ್ಲ. ಸರಿ, ಮುಂದುವರಿಯಬಹುದು.

ಬಿಚ್ಚುವ ಮೊದಲು ಒಂದು ಸಣ್ಣ ಪರೀಕ್ಷೆ. ಅವನ 9 ಡಿಸ್ಕ್‌ಗಳಲ್ಲಿ ಮೂರನ್ನು ಪಕ್ಕದ ಬೀದಿಯ ಗೆಳೆಯರೊಬ್ಬರ ಪಿಎಸ್4ನಲ್ಲಿ ಹಾಕಿ ನೋಡಿದೆವು. ಮೂರೂ ಓಡಿದವು. "ಸಿಡಿಗಳೇ ಹಾಳು" ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಒಂದು ಡಿಸ್ಕ್ ಮೇಲೆ ಮಾತ್ರ ಉದ್ದ ಗೀರಿತ್ತು. ಯಾರೋ ಟೂತ್‌ಪೇಸ್ಟ್ ಹಾಕಿ ಉಜ್ಜಲು ಹೇಳಿದ್ದರಂತೆ. ಪುಣ್ಯಕ್ಕೆ ಅವನು ಉಜ್ಜಿರಲಿಲ್ಲ. ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರ್ ಆಳದಲ್ಲಿರುತ್ತದೆ. ಹಾಗಾಗಿ ಮೇಲ್ಮೈಯನ್ನು ಸ್ವಲ್ಪ ಉಜ್ಜಿ ನುಣುಪು ಮಾಡಿದರೆ ಕೆಲವೊಮ್ಮೆ ಕೆಲಸ ಆಗುತ್ತದೆ. ಪಿಎಸ್4 ಗೇಮ್‌ಗಳು ಬ್ಲೂ-ರೇ ಡಿಸ್ಕ್‌ಗಳು. ಅದರಲ್ಲಿ ಪದರ ಇರುವುದು ಕೇವಲ 0.1 ಮಿಲಿಮೀಟರ್ ಕೆಳಗೆ. ಅದನ್ನು ಕಾಪಾಡಲು ಮೇಲೊಂದು ಗಟ್ಟಿ ಲೇಪ ಇರುತ್ತದೆ. ಉಜ್ಜಿದರೆ ಆ ಲೇಪವೇ ಹೋಗುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸುವುದು ಬಿಟ್ಟು ಬೇರೇನೂ ಮಾಡಬಾರದು. ಡಿವಿಡಿ ಪಾಲಿಶ್ ಮಾಡುವ ಯಂತ್ರಕ್ಕೂ ಕೊಡಬಾರದು.

ಇನ್ನು ಬಿಚ್ಚುವ ಕೆಲಸ. ಕರೆಂಟ್ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಬೇಕು, ಯಾಕೆಂದರೆ ಈ ಮಾದರಿಯಲ್ಲಿ ಪವರ್ ಸಪ್ಲೈ ಒಳಗೇ ಇದೆ. ಹಿಂಬದಿಯ ಸ್ಕ್ರೂಗಳು ನಡುವೆ ತೂತಿರುವ ನಕ್ಷತ್ರ ಆಕಾರದ ಟಿ8 ಬಿಟ್‌ಗೆ ಹೊಂದುವಂಥವು. ಅವನ್ನು ತೆಗೆದು, ಕನ್ಸೋಲನ್ನು ಮಗುಚಿ, ಹಿಂಬದಿಯಿಂದ ಕೆಳಗಿನ ಮುಚ್ಚಳ ಎತ್ತಬೇಕು. ಪವರ್ ಸಪ್ಲೈ ಎತ್ತಿ ಬದಿಗಿಟ್ಟರೆ ಡ್ರೈವ್ ಬಿಚ್ಚಲು ಜಾಗ ಸಿಗುತ್ತದೆ. ಇಲ್ಲಿ ಕಷ್ಟದ್ದೇನೂ ಇಲ್ಲ. ಎಚ್ಚರ ಬೇಕಾಗಿರುವುದು ರಿಬ್ಬನ್ ಕೇಬಲ್ ವಿಷಯದಲ್ಲಿ. ಕನೆಕ್ಟರ್ ಮೇಲೆ ಸಣ್ಣ ರೆಪ್ಪೆಯಂಥ ಲಾಕ್ ಇದ್ದರೆ ಅದನ್ನು ಉಗುರಿನಿಂದ ಮೇಲೆತ್ತಿ, ಆಮೇಲೆ ಕೇಬಲ್ ನೇರವಾಗಿ ಎಳೆಯಬೇಕು. ವಾಪಸ್ ಹಾಕುವಾಗ ಒಂದು ಕೂದಲೆಳೆಯಷ್ಟು ಸೊಟ್ಟಗೆ ಕೂತರೂ ಇದೇ Unrecognized Disc ಬರುತ್ತದೆ. ಆಗ ಜನ ಹೊಸ ಲೇಸರ್ ಕೂಡ ಕೆಟ್ಟದ್ದು ಅಂದುಕೊಳ್ಳುತ್ತಾರೆ.

ಮೊದಲು ಅವನ ಹಳೇ ಡ್ರೈವನ್ನು ಏನೂ ಮುಟ್ಟದೆ ಹಾಗೇ ಕೂರಿಸಿದೆ. ಯಾಕೆಂದರೆ ಮೂಲ ಕಾಯಿಲೆ ಏನಿತ್ತು ಅನ್ನುವುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆನ್ ಮಾಡಿ ಅಪ್‌ಡೇಟ್ ಹಾಕಿದೆ. ಈ ಸಲ ಪೂರ್ತಿ ಆಯಿತು. ಬೋರ್ಡ್ ಮತ್ತು ಮದರ್‌ಬೋರ್ಡ್ ಒಂದನ್ನೊಂದು ಗುರುತಿಸಿವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆಮೇಲೆ ಡಿಸ್ಕ್. ಗೇಮ್ ಡಿಸ್ಕ್ ಹಾಕಿದರೆ ತಿರುಗಿತು, ಒಳಗೆ ಟಿಕ್ ಟಿಕ್ ಎಂದಿತು, ಮತ್ತೆ Unrecognized Disc. ಒಂದು ಸಿನಿಮಾ ಡಿವಿಡಿ ಹಾಕಿದೆ. ಅದು ತಕ್ಷಣ ಓಡಿತು.

ಈ ಡಿವಿಡಿ ಪರೀಕ್ಷೆಯನ್ನು ನಾನು ಯಾವಾಗಲೂ ಮಾಡುತ್ತೇನೆ. ಅಂಗಡಿಯಲ್ಲಿ ಕೊಂಡ ಅಸಲಿ ಡಿವಿಡಿಯೇ ಆಗಬೇಕು, ಮನೆಯಲ್ಲಿ ಬರೆದದ್ದು ಬೇಡ. ಆಡಿಯೋ ಸಿಡಿ ಹಾಕಿ ಪ್ರಯೋಜನ ಇಲ್ಲ, ಪಿಎಸ್4 ಸಿಡಿಯನ್ನು ಓದುವುದೇ ಇಲ್ಲ. ಲೇಸರ್ ಘಟಕದಲ್ಲಿ ಡಿವಿಡಿಗೆ ಒಂದು ಕೆಂಪು ಕಿರಣ, ಬ್ಲೂ-ರೇಗೆ ಒಂದು ನೀಲಿ-ನೇರಳೆ ಕಿರಣ ಇರುತ್ತದೆ. ಕೆಂಪಿನ ತರಂಗಾಂತರ 650 ನ್ಯಾನೋಮೀಟರ್, ನೀಲಿಯದ್ದು 405. ಡಿವಿಡಿ ಓಡಿತು ಅಂದರೆ ಮೋಟಾರ್, ರೋಲರ್, ಕೇಬಲ್, ಬೋರ್ಡ್ ಎಲ್ಲ ಕೆಲಸ ಮಾಡುತ್ತಿವೆ, ತೊಂದರೆ ಇರುವುದು ನೀಲಿ ಕಿರಣದ ದಾರಿಯಲ್ಲಿ ಎಂದು ಅರ್ಥ. ಎರಡೂ ಓಡದಿದ್ದರೆ, ಅಥವಾ ಡಿಸ್ಕ್ ತಿರುಗುವುದೇ ಇಲ್ಲದಿದ್ದರೆ, ಮೊದಲು ರಿಬ್ಬನ್ ಮತ್ತು ಮೋಟಾರ್ ಕಡೆ ನೋಡಬೇಕು.

ಆದರೆ ಇಷ್ಟಕ್ಕೇ ನೀಲಿ ಕಿರಣ ಬಿಡುವ ಡಯೋಡ್ ಸತ್ತಿದೆ ಎಂದು ತೀರ್ಮಾನ ಮಾಡುವ ಹಾಗಿಲ್ಲ. ಬ್ಲೂ-ರೇ ಡಿಸ್ಕ್‌ನ ಗೆರೆಗಳ ನಡುವಿನ ಅಂತರ 0.32 ಮೈಕ್ರಾನ್, ಡಿವಿಡಿಯದ್ದು 0.74. ಅಷ್ಟು ಸಣ್ಣ ಗೆರೆ ಓದಲು ನೀಲಿ ಕಿರಣ ತುಂಬ ಚಿಕ್ಕ ಬಿಂದುವಾಗಿ ಬೀಳಬೇಕು. ಲೆನ್ಸ್ ಮೇಲೆ ತೆಳು ಧೂಳಿದ್ದರೂ ಆ ಬಿಂದು ಹರಡಿಹೋಗುತ್ತದೆ. ಕೆಂಪು ಕಿರಣ ಅದೇ ಧೂಳನ್ನು ಸಹಿಸಿಕೊಂಡು ಓದಿಬಿಡುತ್ತದೆ. ಅಂದರೆ ಡಿವಿಡಿ ಓಡಿ ಗೇಮ್ ಓಡದಿದ್ದಾಗ ಕಾರಣ ಬರೀ ಧೂಳೂ ಆಗಿರಬಹುದು. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಲೆನ್ಸ್ ಒರೆಸಲೇಬೇಕು.

ಡ್ರೈವ್‌ನ ಮೇಲಿನ ತಗಡು ತೆಗೆದೆ. ಅವರ ಮನೆ ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲೇ ಇದೆಯಂತೆ, ಧೂಳು ಸಾಕಷ್ಟಿತ್ತು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಯ ಕಡ್ಡಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಲೆನ್ಸ್ ಮೇಲೆ ಸುತ್ತಾಗಿ ಆಡಿಸಿದೆ. ಒತ್ತಬಾರದು. ಲೆನ್ಸ್ ನಿಂತಿರುವುದು ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ, ಒತ್ತಿದರೆ ಅವು ಬಾಗುತ್ತವೆ. ಬಾಯಿಂದ ಊದಲೂಬಾರದು, ಎಂಜಲಿನ ಹನಿ ಕೂರುತ್ತದೆ. ಕಂಬಿಗಳ ಮೇಲಿನ ಒಣಗಿದ ಗ್ರೀಸ್ ಒರೆಸಿ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ಬಿಳಿ ಗ್ರೀಸ್ ತೆಳುವಾಗಿ ಹಚ್ಚಿದೆ.

ಒರೆಸಿದ ಮೇಲೆ ಸುಧಾರಣೆ ಕಂಡಿತು. ಕೆಲವು ಗೇಮ್‌ಗಳನ್ನು ಗುರುತು ಹಿಡಿಯಿತು. ಇಲ್ಲಿಯೇ ತುಂಬ ಜನ ರಿಪೇರಿ ಆಯಿತು ಎಂದು ಮುಚ್ಚಿಬಿಡುತ್ತಾರೆ, ವಾರದಲ್ಲಿ ಗಿರಾಕಿ ವಾಪಸ್ ಬರುತ್ತಾನೆ. ಗುರುತು ಹಿಡಿಯಲು ಡಿಸ್ಕ್‌ನ ಒಳ ಅಂಚಿನ ಸ್ವಲ್ಪ ಭಾಗ ಓದಿದರೆ ಸಾಕು. ನಿಜವಾದ ಪರೀಕ್ಷೆ ಇರುವುದು ಒಂದು ದೊಡ್ಡ ಗೇಮನ್ನು ಡಿಸ್ಕ್‌ನಿಂದ ಪೂರ್ತಿ ಕಾಪಿ ಮಾಡಿಸುವುದರಲ್ಲಿ. ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ ಹಿಡಿಯುತ್ತದೆ. ಅದನ್ನು ಕಾಪಿ ಮಾಡುವಾಗ ಲೇಸರ್ ಎರಡೂ ಪದರಗಳ ಮೇಲೆ, ಒಳಗಿನಿಂದ ಹೊರಗಿನವರೆಗೆ ಓಡಬೇಕು. ಗೇಮ್ ಅಳಿಸಿ ಮತ್ತೆ ಹಾಕಿದರೂ ಆಡಿ ಉಳಿಸಿದ ಸೇವ್ ಡೇಟಾ ಬೇರೆ ಕಡೆ ಇರುತ್ತದೆ, ಹಾಗಾಗಿ ಹೆದರಬೇಕಿಲ್ಲ. ಅವನ ಅತಿ ದೊಡ್ಡ ಗೇಮ್ ಅಳಿಸಿ ಮತ್ತೆ ಹಾಕಿದೆ. ಅರ್ಧ ದಾರಿಯಲ್ಲಿ ಕಾಪಿ ನಿಂತಿತು. ಡ್ರೈವ್ ಬಿಸಿಯಾಗಿತ್ತು. ಡಿಸ್ಕ್ ತೆಗೆದು ಹಾಕಿದರೆ ಗುರುತೂ ಹಿಡಿಯಲಿಲ್ಲ. ತಣ್ಣಗಾದ ಮೇಲೆ ಮತ್ತೆ ಓದಿತು. ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಓದುವುದು ಸೋತ ನೀಲಿ ಡಯೋಡ್‌ನ ಲಕ್ಷಣ. ಅದನ್ನು ಒರೆಸಿ ಸರಿ ಮಾಡಲು ಆಗುವುದಿಲ್ಲ. ಹಳೇ ಪಿಎಸ್2 ಕಾಲದಲ್ಲಿ ಲೇಸರ್ ಪಕ್ಕದ ಸಣ್ಣ ತಿರುಪು ತಿರುಗಿಸಿ ಕರೆಂಟ್ ಹೆಚ್ಚಿಸುವ ರೂಢಿ ಇತ್ತು. ಅದರಿಂದ ಕೆಲವು ದಿನ ಓದುತ್ತದೆ, ಆಮೇಲೆ ಡಯೋಡ್ ಇನ್ನೂ ಬೇಗ ಸಾಯುತ್ತದೆ. ನಾನು ಅದನ್ನು ಮಾಡುವುದಿಲ್ಲ.

ಅಂದರೆ ಲೇಸರ್ ಬದಲಾಯಿಸಬೇಕು. ಈ ಮಾದರಿಗೆ ಬೇಕಾದ ಲೇಸರ್ KES-490A, ಡೆಕ್ ಸಮೇತ ಬೇಕಾದರೆ KEM-490AAA. ಸ್ಲಿಮ್ ಮತ್ತು ಪ್ರೋಗಳಿಗೆ KES-496A ಬರುತ್ತದೆ, ಅದು ಇದಕ್ಕೆ ಕೂರುವುದಿಲ್ಲ. ಆರ್ಡರ್ ಮಾಡುವ ಮೊದಲು ಹಳೆಯದರ ಮೇಲಿನ ನಂಬರ್ ಓದಿ ನೋಡಬೇಕು.

ಆದರೆ ಆರ್ಡರ್ ಮಾಡುವ ಮೊದಲು ಮೇಜಿನ ಮೇಲೆ ಇನ್ನೊಂದು ಡ್ರೈವ್ ಇತ್ತಲ್ಲ? ಆ ಅಂಗಡಿಯವರು ಹಾಕಿದ್ದು. ಅದು ಡಿಸ್ಕ್ ಓದದೆ ಇದ್ದದ್ದು ಅದರ ಬೋರ್ಡ್ ಬೇರೆ ಕನ್ಸೋಲ್‌ನದ್ದು ಎಂಬ ಕಾರಣಕ್ಕೆ. ಅದರ ಲೇಸರ್ ಕೆಟ್ಟಿದೆ ಎಂದು ಯಾರೂ ಸಾಬೀತು ಮಾಡಿರಲಿಲ್ಲ. ತೆಗೆದು ನೋಡಿದರೆ ಅದೂ 490 ಸರಣಿಯದ್ದೇ, ಬೋರ್ಡ್ ನಂಬರ್ ಕೂಡ ಒಂದೇ. ಹುಡುಗ ಅದಕ್ಕೆ ಆಗಲೇ ದುಡ್ಡು ಕೊಟ್ಟಿದ್ದ. ಹಾಗಾಗಿ ಅದರ ಬೋರ್ಡ್ ತೆಗೆದು, ಆ ಜಾಗಕ್ಕೆ ಅವನ ಮೂಲ ಬೋರ್ಡ್ ಕೂರಿಸಿದೆ. ಬದಲಾಯಿಸುವಾಗ ಎರಡು ಬೋರ್ಡ್‌ಗಳು ಅದಲುಬದಲಾಗದ ಹಾಗೆ ಅವನದರ ಮೇಲೆ ಮಾರ್ಕರ್‌ನಿಂದ ಗುರುತು ಮಾಡಿಕೊಂಡೆ. ನೋಡಲು ಎರಡೂ ಒಂದೇ ಥರ ಇರುತ್ತವೆ, ಬೆರೆತರೆ ಮತ್ತೆ ಹುಡುಕಾಟ ಶುರು.

ಗೇಮ್ ಡಿಸ್ಕ್ ಹಾಕಿದೆ, ಓದಿತು. ಅದೇ ದೊಡ್ಡ ಗೇಮ್ ಅಳಿಸಿ ಮತ್ತೆ ಹಾಕಿದೆ. ಕಾಪಿ ಕೊನೆಯವರೆಗೂ ಆಯಿತು. ಡ್ರೈವ್ ಬಿಸಿಯಿರುವಾಗಲೇ ಉಳಿದ ಡಿಸ್ಕ್‌ಗಳನ್ನು ಒಂದಾದ ಮೇಲೊಂದು ಹಾಕಿದೆ. ಗೀರು ಬಿದ್ದದ್ದೂ ಸೇರಿ ಎಲ್ಲ ಓದಿದವು. ಕನ್ಸೋಲನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದೆ. ಎರಡರಲ್ಲೂ ವ್ಯತ್ಯಾಸ ಬರಲಿಲ್ಲ, ಅಂದರೆ ಡಿಸ್ಕ್ ತಿರುಗಿಸುವ ಮೋಟಾರ್‌ನ ತಲೆ ಸವೆದಿಲ್ಲ.

ಹೀಗೆ ಬಿಡಿಭಾಗದ ಖರ್ಚು ಬರಲಿಲ್ಲ, ಕೂಲಿ 800 ಮಾತ್ರ ಆಯಿತು. "ಈಗ ಹಾಕಿದ ಲೇಸರ್ ಕೂಡ ಹಳೇದೇ, ಎಷ್ಟು ದಿನ ಬರುತ್ತೆ ಅಂತ ಹೇಳೋಕಾಗಲ್ಲ, ಬೇಕಾದ್ರೆ 2,200 ಕೊಟ್ಟು ಹೊಸ ಡೆಕ್ ಈಗಲೇ ತರಿಸೋಣ" ಎಂದು ಅವನಿಗೆ ಹೇಳಿದೆ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. "ಆಮೇಲೆ ಹೋದ್ರೂ ಅಷ್ಟೇ ಖರ್ಚಲ್ವಾ ಅಣ್ಣ?" ಹೌದು, ಅಷ್ಟೇ. ಬೋರ್ಡ್ ಕೈಯಲ್ಲಿ ಇರುವವರೆಗೆ ಲೇಸರ್ ಇವತ್ತು ಬದಲಾಯಿಸಿದರೂ ಒಂದು ವರ್ಷ ಬಿಟ್ಟು ಬದಲಾಯಿಸಿದರೂ ಕೆಲಸ ಒಂದೇ. ಹಾಗಾಗಿ ಸುಮ್ನೆ ಈಗ ದುಡ್ಡು ಹಾಕುವುದು ಬೇಡ ಎಂದು ತೀರ್ಮಾನಿಸಿದೆವು.

ಮುಂದಿನ ಸಲ ಲೇಸರ್ ಕೈಕೊಟ್ಟರೆ ಮಾಡಬೇಕಾದ ಲೆಕ್ಕವನ್ನೂ ಬರೆದುಕೊಟ್ಟೆ. ಡೆಕ್ ಮತ್ತು ಕೂಲಿ ಸೇರಿ ಖರ್ಚು, ಆ ಹೊತ್ತಿನ ಹಳೇ ಕನ್ಸೋಲ್ ಬೆಲೆಯ ಮೂರನೇ ಒಂದು ಭಾಗ ದಾಟದಿದ್ದರೆ ರಿಪೇರಿ ಮಾಡಿಸಬಹುದು. ಅರ್ಧ ದಾಟಿದರೆ ಬೇಡ. ಈ ನಡುವೆ ಬಂದರೆ ಡಿಸ್ಕ್‌ಗಳು ಎಷ್ಟಿವೆ ಎಂದು ನೋಡಿ ನಿರ್ಧರಿಸಬೇಕು. ಒಂದೆರಡೇ ಡಿಸ್ಕ್ ಇದ್ದು, ಉಳಿದದ್ದೆಲ್ಲ ಡೌನ್‌ಲೋಡ್ ಗೇಮ್ ಆಗಿದ್ದರೆ, ಡಿಸ್ಕ್‌ಗಳನ್ನು ಮಾರಿ ಡ್ರೈವ್ ಹಾಗೇ ಬಿಡಬಹುದು. ಇದು ನನ್ನ ಅಂದಾಜು, ಬೇರೆ ರಿಪೇರಿಯವರು ಬೇರೆ ಗೆರೆ ಎಳೆದಾರು. ಜೊತೆಗೆ ಬಿಲ್ ಹಿಂದೆ ದೊಡ್ಡದಾಗಿ ಒಂದು ಸಾಲು ಬರೆದೆ: ಯಾರಿಗೆ ಕೊಟ್ಟರೂ ಮಾರ್ಕರ್ ಗುರುತಿನ ಬೋರ್ಡ್ ಇದರೊಳಗೇ ಇರಬೇಕು. ಉಳಿದ ಡ್ರೈವನ್ನು ಅವನಿಗೇ ವಾಪಸ್ ಕೊಟ್ಟೆ. ಅದರ ಬೋರ್ಡ್ ಮತ್ತು ಲೇಸರ್ ಉಪಯೋಗಕ್ಕೆ ಬರುವುದಿಲ್ಲ, ಆದರೆ ರೋಲರ್ ಮತ್ತು ಅದರ ಗೇರ್‌ಗಳು ಚೆನ್ನಾಗಿವೆ.